ನಿವೇಶನದ ಹಿಂದಿನ ಕಾಲುವೆ

ನಾವು ನೆಲೆಸಿರುವ ಈ ವಿಕ್ಟೋರಿಯಾ ರಾಜ್ಯದಲ್ಲಿ ಮನೆಯನ್ನೋ ನಿವೇಶನವನ್ನೋ ಮಾರುವವರು, ಕರಾರಿಗೆ ಸಹಿ ಬೀಳುವ ಮೊದಲೇ ಕೊಳ್ಳುವವರ ಕೈಗೆ ಒಂದು ಹೇಳಿಕೆಯನ್ನು ಕೊಡಬೇಕು. ಸೆಕ್ಷನ್ 32 ಎಂದು ಇಲ್ಲಿ ಎಲ್ಲರೂ ಕರೆಯುವ ಆ ಕಾಗದದಲ್ಲಿ ಆ ನೆಲ ಯಾವ ವಲಯಕ್ಕೆ ಸೇರಿದೆ, ಅದರ ಮೇಲೆ ಇನ್ನಾವ ಯೋಜನಾ ನಿರ್ಬಂಧಗಳಿವೆ ಎಂಬುದು ಬರೆದಿರುತ್ತದೆ. ಹೀಗಾಗಿ ಇಲ್ಲಿ ಮನೆ ಕೊಂಡ ನಮ್ಮ ಬಳಗದ ಬಹುತೇಕ ಕುಟುಂಬಗಳಿಗೆ ನಗರ ಯೋಜನೆಯ ನಿಯಮಗಳನ್ನು ತಾವೇ ಹುಡುಕಿ ಓದಬೇಕಾದ ಪ್ರಸಂಗವೇ ಬಂದಿಲ್ಲ. ಅವೇ ಕುಟುಂಬಗಳು ಬೆಂಗಳೂರಿನಲ್ಲಿ ನಿವೇಶನ ಕೊಳ್ಳಲು ಹೊರಟಾಗ ಇಲ್ಲಿನ ರೂಢಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋಗುತ್ತವೆ. ಹೇಳಬೇಕಾದುದಿದ್ದರೆ ಮಾರುವವರು ಹೇಳಿಯೇ ಇರುತ್ತಾರೆ ಎಂದು ನಂಬುತ್ತವೆ. ಅಲ್ಲಿ ಹಾಗಿಲ್ಲ. ಅಲ್ಲಿ ಕೇಳುವ ಹೊಣೆ ಕೊಳ್ಳುವವರದು.

ಈ ದೇಶಕ್ಕೆ ಬರುವ ಮುನ್ನ ನಾನು ಬೆಂಗಳೂರಿನ ವಾಸ್ತುಶಿಲ್ಪಿಗಳೊಬ್ಬರ ಕಚೇರಿಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೆ. ಕಟ್ಟಡದ ನಕ್ಷೆಗಳನ್ನು ಮಂಜೂರಾತಿಗೆ ಸಿದ್ಧಪಡಿಸುವುದೇ ಅಲ್ಲಿ ನನ್ನ ಪಾಲಿನ ಕೆಲಸ. ಆ ಕಾರಣಕ್ಕೆ ಬಳಗದವರು ಊರಿನಲ್ಲಿ ನೆಲ ಕೊಳ್ಳುವಾಗ ಒಮ್ಮೊಮ್ಮೆ ಕಾಗದಪತ್ರಗಳನ್ನು ನನಗೆ ಕಳುಹಿಸುವುದುಂಟು. ಕಳೆದ ವರ್ಷ ಹಾಗೆ ಬಂದ ಒಂದು ಕಡತದ ಕಥೆಯನ್ನು, ಸಂಬಂಧಪಟ್ಟ ಕುಟುಂಬದ ಒಪ್ಪಿಗೆ ಪಡೆದು, ಇಲ್ಲಿ ಬರೆಯುತ್ತಿದ್ದೇನೆ.

ದಂಪತಿಗಳಿಬ್ಬರೂ ಇಲ್ಲಿಗೆ ಬಂದು ಹದಿನೆಂಟು ವರ್ಷಗಳಾಗಿವೆ. ಊರಿನಲ್ಲಿ ತಾಯಿ ಒಬ್ಬರೇ ಇದ್ದಾರೆ. ಅವರಿಗೆ ನೆಲಮಹಡಿಯಲ್ಲಿ ಒಂದು ಮನೆ, ಮೇಲೆ ತಾವು ಮುಂದೆ ಹೋಗಿ ನೆಲೆಸಲು ಇನ್ನೊಂದು ಮನೆ ಎಂಬುದು ಅವರ ಎಣಿಕೆ. ನಗರದ ಪೂರ್ವ ಭಾಗದಲ್ಲಿ ನಲವತ್ತಕ್ಕೆ ಅರವತ್ತು ಅಡಿಯ ನಿವೇಶನವೊಂದು ಒದಗಿ ಬಂದಿತ್ತು. ಬೆಲೆ ಸುತ್ತಲಿನ ದರಕ್ಕಿಂತ ಸ್ವಲ್ಪ ಕಡಿಮೆ. ವಕೀಲರು ಮೂಲಪತ್ರಗಳಿಂದ ಹಿಡಿದು ಋಣಭಾರ ಪತ್ರದವರೆಗೆ ಎಲ್ಲವನ್ನೂ ನೋಡಿ ‘ಹಕ್ಕು ಶುದ್ಧವಾಗಿದೆ’ ಎಂದು ಬರೆದುಕೊಟ್ಟಿದ್ದರು. ಖಾತೆ ಇತ್ತು, ಕಂದಾಯ ಕಟ್ಟಿದ ರಸೀದಿಗಳಿದ್ದವು. ಮುಂಗಡ ಕೊಡುವುದೊಂದೇ ಬಾಕಿ. ‘ಅಣ್ಣಾ, ನೀವೊಮ್ಮೆ ಕಣ್ಣಾಡಿಸಿಬಿಡಿ, ಶನಿವಾರ ದುಡ್ಡು ಕಳಿಸುತ್ತೇವೆ’ ಎಂದು ಆ ಗೃಹಿಣಿ ಫೋನಿನಲ್ಲಿ ಹೇಳಿದರು.

ವಕೀಲರು ಬರೆದುಕೊಟ್ಟದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅವರು ಉತ್ತರಿಸಿದ ಪ್ರಶ್ನೆ ‘ಈ ನೆಲ ಯಾರದು’ ಎಂಬುದು. ‘ಈ ನೆಲದ ಮೇಲೆ ಏನು ಕಟ್ಟಬಹುದು’ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಬೇರೆ ಕಾಗದಗಳಲ್ಲಿದೆ. ಕ್ರಯಪತ್ರ, ಖಾತೆ, ಋಣಭಾರ ಪತ್ರ ಈ ಮೂರೂ ಮೊದಲನೆಯ ಪ್ರಶ್ನೆಯ ಸುತ್ತಲೇ ತಿರುಗುತ್ತವೆ. ಎರಡನೆಯ ಪ್ರಶ್ನೆಗೆ ನಗರದ ಮಹಾಯೋಜನೆಯನ್ನೂ ಅದರ ಜೊತೆಗಿರುವ ವಲಯ ನಿಯಮಾವಳಿಯನ್ನೂ ಹಳೆಯ ಗ್ರಾಮ ನಕಾಶೆಯನ್ನೂ ತೆರೆಯಬೇಕು.

ಬೆಂಗಳೂರಿಗೆ ಅನ್ವಯಿಸುವ ಮಹಾಯೋಜನೆ 2007ರಲ್ಲಿ ಅನುಮೋದನೆ ಪಡೆದದ್ದು. ಅದರ ಹೆಸರು ಪರಿಷ್ಕೃತ ಮಹಾಯೋಜನೆ 2015. ಹೆಸರಿನಲ್ಲಿರುವ ವರ್ಷ ಕಳೆದು ಬಹುಕಾಲವಾದರೂ ಜಾರಿಯಲ್ಲಿರುವುದು ಅದೇ. 2031ನೆಯ ಇಸವಿಯನ್ನು ಗುರಿಯಾಗಿಟ್ಟುಕೊಂಡ ಕರಡೊಂದು 2017ರಲ್ಲಿ ಪ್ರಕಟವಾಗಿತ್ತು. ಅದು ಜಾರಿಗೆ ಬರಲೇ ಇಲ್ಲ, ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಇದನ್ನು ಹೇಳುವುದಕ್ಕೆ ಕಾರಣವಿದೆ. ‘ಹೊಸ ಪ್ಲಾನಿನಲ್ಲಿ ಈ ಜಾಗ ಹಳದಿಯಾಗಿದೆ ಸಾರ್’ ಎಂದು ಆ ಕರಡಿನ ನಕ್ಷೆಯನ್ನೇ ತೋರಿಸುವ ದಲ್ಲಾಳಿಗಳನ್ನು ನಾನು ಕಂಡಿದ್ದೇನೆ. ಜಾರಿಗೆ ಬಾರದ ನಕ್ಷೆಯ ಬಣ್ಣಕ್ಕೆ ಯಾವ ಬೆಲೆಯೂ ಇಲ್ಲ. ದೇವನಹಳ್ಳಿ, ಹೊಸಕೋಟೆ, ಆನೇಕಲ್, ನೆಲಮಂಗಲದ ಕಡೆಯ ನೆಲಗಳಿಗೆ ಬೇರೆ ಬೇರೆ ಯೋಜನಾ ಪ್ರಾಧಿಕಾರಗಳೂ ಅವುಗಳದೇ ಆದ ಮಹಾಯೋಜನೆಗಳೂ ಇವೆ. 2025ರಲ್ಲಿ ಬೆಂಗಳೂರಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರಪಾಲಿಕೆಗಳೂ ಬಂದ ಮೇಲೆ ಯಾವ ಅರ್ಜಿ ಯಾವ ಕಚೇರಿಗೆ ಎಂಬುದೂ ಬದಲಾಗಿದೆ. ಆದುದರಿಂದ ಸರ್ವೆ ನಂಬರು ಮತ್ತು ಗ್ರಾಮದ ಹೆಸರನ್ನು ಹಿಡಿದುಕೊಂಡು, ಈ ನೆಲ ಯಾರ ಯೋಜನಾ ವ್ಯಾಪ್ತಿಯಲ್ಲಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು.

ಮಹಾಯೋಜನೆಯ ನಕ್ಷೆಗಳು ನಗರವನ್ನು ಯೋಜನಾ ಜಿಲ್ಲೆಗಳಾಗಿ ಭಾಗಮಾಡಿ ತೋರಿಸುತ್ತವೆ. ಪ್ರತಿ ನಕ್ಷೆಯಲ್ಲಿಯೂ ಗ್ರಾಮಗಳ ಗಡಿ ಇರುತ್ತದೆ, ಅದರ ಮೇಲೆ ಬಣ್ಣಗಳಿರುತ್ತವೆ. ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಹಸಿರು ಉದ್ಯಾನ ಎಂಬುದು ಸ್ಥೂಲವಾದ ಲೆಕ್ಕ. ಛಾಯೆಗಳಲ್ಲಿ ಒಳಭೇದಗಳಿರುವುದರಿಂದ ನಕ್ಷೆಯ ಮೂಲೆಯಲ್ಲಿರುವ ಸೂಚಿಯನ್ನು ನೋಡಿಯೇ ಓದಬೇಕು. ಇಲ್ಲಿ ಅನೇಕರು ಎಡವುವುದು ‘ಕನ್ವರ್ಷನ್ ಆಗಿದೆ’ ಎಂಬ ಮಾತಿನಲ್ಲಿ. ಜಿಲ್ಲಾಧಿಕಾರಿಗಳ ಭೂಪರಿವರ್ತನೆಯ ಆದೇಶ ಕಂದಾಯ ಕಾಯಿದೆಯ ಮೇರೆಗೆ ಸಿಗುವಂಥದು. ಕೃಷಿ ಭೂಮಿಯನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಅದು ಅನುಮತಿ ಕೊಡುತ್ತದೆ. ವಲಯ ನಿಗದಿಯಾಗುವುದು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಮೇರೆಗೆ. ಆ ನೆಲವನ್ನು ನಿವೇಶನಗಳಾಗಿ ವಿಂಗಡಿಸಿದ ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಮತ್ತೊಂದು. ಮೂರೂ ಇದ್ದರೆ ಮಾತ್ರ ಅದು ಮನೆ ಕಟ್ಟುವ ನಿವೇಶನ. ಪರಿವರ್ತನೆಯೇ ಆಗದ ನೆಲವಾದರೆ ಹೊರದೇಶದಲ್ಲಿರುವ ನಮಗೆ ಇನ್ನೂ ಒಂದು ತೊಡಕಿದೆ. ವಿದೇಶಿ ವಿನಿಮಯದ ಕಾನೂನು ಅನಿವಾಸಿ ಭಾರತೀಯರಿಗಾಗಲಿ ಓ.ಸಿ.ಐ. ಕಾರ್ಡುಳ್ಳವರಿಗಾಗಲಿ ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್‌ಗಳನ್ನು ಕೊಳ್ಳಲು ಬಿಡುವುದಿಲ್ಲ.

ನನ್ನ ಮುಂದಿದ್ದ ನಿವೇಶನ ಹಳದಿಯಲ್ಲೇ ಇತ್ತು. ಪರಿವರ್ತನೆಯೂ ಆಗಿತ್ತು. ಅಷ್ಟಕ್ಕೇ ನಿಂತಿದ್ದರೆ ಶನಿವಾರ ಹಣ ಹೋಗುತ್ತಿತ್ತು.

ಆದರೆ ಆ ಮಹಾಯೋಜನೆಯ ವಲಯ ನಿಯಮಾವಳಿಯಲ್ಲಿ ಕೆರೆ ಮತ್ತು ಕಾಲುವೆಗಳ ಕುರಿತ ಒಂದು ಭಾಗವಿದೆ. ಕೆರೆಯ ಅಂಚಿನಿಂದ 30 ಮೀಟರ್ ನೆಲವನ್ನು ಕಟ್ಟಡವಿಲ್ಲದೆ ಬಿಡಬೇಕು. ಕಾಲುವೆಗಳನ್ನು ಪ್ರಾಥಮಿಕ, ದ್ವಿತೀಯ, ತೃತೀಯ ಎಂದು ಮೂರು ದರ್ಜೆಗಳಾಗಿ ಮಾಡಿ, ಅನುಕ್ರಮವಾಗಿ 50, 25 ಮತ್ತು 15 ಮೀಟರ್ ಬಿಡಬೇಕು. ಈ ಅಳತೆ ಕಾಲುವೆಯ ದಡದಿಂದಲ್ಲ, ಅದರ ನಡುಗೆರೆಯಿಂದ ಎರಡೂ ಕಡೆಗೆ. ಇದನ್ನೇ ಬಫರ್ ಎನ್ನುವುದು. ಇದರ ಬೆನ್ನಿಗೆ ಇನ್ನೊಂದು ಮಾತಿದೆ. ನಕ್ಷೆ ಬರೆಯುವಾಗ ಆದ ತಪ್ಪಿನಿಂದ ಮಹಾಯೋಜನೆಯಲ್ಲಿ ಬಫರನ್ನು ಗುರುತಿಸದೆ ಬಿಟ್ಟಿದ್ದರೂ, ಕಂದಾಯ ದಾಖಲೆಗಳಲ್ಲಿ ಕಾಲುವೆ ಇದ್ದರೆ, ಆ ದಾಖಲೆಗಳ ಪ್ರಕಾರವೇ ಬಫರನ್ನು ಬಿಡಿಸಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಬಣ್ಣದ ನಕ್ಷೆ ಶುದ್ಧ ಹಳದಿಯಾಗಿದ್ದರೂ ಸಾಲದು. ಊರು ಊರಾಗಿದ್ದ ಕಾಲದ ನಕಾಶೆಯಲ್ಲಿ ನೀರು ಎಲ್ಲಿ ಹರಿಯುತ್ತಿತ್ತು ಎಂಬುದೇ ಕೊನೆಯ ಮಾತು.

ಆ ನಕಾಶೆಯನ್ನು ಇಲ್ಲಿಂದಲೇ ನೋಡಬಹುದು. ಭೂಮಾಪನ ಇಲಾಖೆ ಗ್ರಾಮ ನಕಾಶೆಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ದಿಶಾಂಕ್ ಎಂಬ ಅದರ ಆ್ಯಪ್ ನೀವು ತೋರಿಸಿದ ಜಾಗದ ಸರ್ವೆ ನಂಬರನ್ನು ಹೇಳುತ್ತದೆ, ಹಳೆಯ ನಕಾಶೆಯನ್ನು ಈಗಿನ ಭೂಪಟದ ಮೇಲೆ ಹಾಸಿ ತೋರಿಸುತ್ತದೆ. ನಾನು ಹಾಸಿ ನೋಡಿದಾಗ ನಿವೇಶನದ ಹಿಂಬದಿಯಲ್ಲಿ, ಸ್ವಲ್ಪ ದೂರದಲ್ಲಿ, ಜೋಡಿಗೆರೆಯೊಂದು ಓರೆಯಾಗಿ ಹಾದುಹೋಗಿತ್ತು. ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ನೀರು ಒಯ್ಯುತ್ತಿದ್ದ ಹಳ್ಳ ಅದು. ಉಪಗ್ರಹ ಚಿತ್ರದಲ್ಲಿ ಆ ಜಾಗದಲ್ಲಿ ಕಂಡದ್ದು ಒಂದು ಕಾಂಪೌಂಡು ಗೋಡೆ ಮತ್ತು ಮಣ್ಣು ತುಂಬಿದ ಖಾಲಿ ಜಾಗ ಮಾತ್ರ.

ಎರಡನೆಯ ಸಾಕ್ಷಿ ಪಹಣಿಯಲ್ಲಿತ್ತು. ಪಹಣಿಯಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು ಎಂದು ಎರಡು ಸಾಲುಗಳಿರುತ್ತವೆ. ‘ಅ’ ಖರಾಬು ಬಂಡೆ ಮುಂತಾದ, ಸಾಗುವಳಿಗೆ ಬಾರದ ನೆಲ. ‘ಬ’ ಖರಾಬು ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಉಪಯೋಗದ ನೆಲ. ಅದು ಯಾರ ಸ್ವತ್ತೂ ಅಲ್ಲ. ಬಡಾವಣೆಯಾಗುವ ಮುಂಚಿನ ಈ ಸರ್ವೆ ನಂಬರಿನ ಹಳೆಯ ಪಹಣಿಯಲ್ಲಿ ಆರು ಗುಂಟೆ ‘ಬ’ ಖರಾಬು ನಮೂದಾಗಿತ್ತು. ಬಡಾವಣೆಯ ನಕ್ಷೆಯಲ್ಲಿ ಆ ಆರು ಗುಂಟೆಯ ಸುಳಿವಿರಲಿಲ್ಲ.

ಮೊಬೈಲಿನಲ್ಲಿ ಕಂಡ ಗೆರೆಯಿಂದಲೇ ತೀರ್ಮಾನಕ್ಕೆ ಬರಬಾರದು ಎಂಬುದನ್ನೂ ಹೇಳಬೇಕು. ಗ್ರಾಮ ನಕಾಶೆಗಳನ್ನು ಸಾಮಾನ್ಯವಾಗಿ ಒಂದು ಅಂಗುಲಕ್ಕೆ 660 ಅಡಿಯ ಪ್ರಮಾಣದಲ್ಲಿ ಬರೆದಿರುತ್ತಾರೆ. ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು ಎಂಟು ಮೀಟರ್ ಆಗುತ್ತದೆ. ಲೇಖನಿಯ ಗೆರೆಯ ದಪ್ಪವೇ ಕೆಲವು ಮೀಟರ್‌ಗಳನ್ನು ನುಂಗುವಾಗ ಆ್ಯಪಿನ ಮೇಲೆ ಬೆರಳಿಟ್ಟು ಅಳೆಯುವುದು ಸಲ್ಲದು. ನಕಾಶೆ ಎಚ್ಚರಿಸುತ್ತದೆ, ಅಷ್ಟೆ. ಅಳತೆ ಸಿಗುವುದು ಸರ್ವೆ ನಂಬರಿನ ಟಿಪ್ಪಣಿಯಲ್ಲಿ. ಅದರಲ್ಲಿ 33 ಅಡಿಯ ಸರಪಳಿಯ ಲೆಕ್ಕದಲ್ಲಿ ಗಡಿಗಳನ್ನು ಬರೆದಿರುತ್ತಾರೆ. ಗೃಹಿಣಿಯ ತಮ್ಮ ಬೆಂಗಳೂರಿನಲ್ಲಿಯೇ ಇದ್ದರು. ಅವರು ಟಿಪ್ಪಣಿಯ ಪ್ರತಿ ತೆಗೆಸಿ, ಪರವಾನಗಿ ಪಡೆದ ಭೂಮಾಪಕರೊಬ್ಬರನ್ನು ಜಾಗಕ್ಕೆ ಕರೆದೊಯ್ದರು. ಹಳ್ಳದ ನಡುಗೆರೆಯಿಂದ ನಿವೇಶನದ ಹಿಂದಿನ ಗಡಿಗೆ 12 ಮೀಟರ್ ಎಂದು ಅಳತೆ ಬಂತು.

ಇನ್ನು ಲೆಕ್ಕ ಸುಲಭ. ನಿವೇಶನದ ಅಗಲ 40 ಅಡಿ ಎಂದರೆ 12.2 ಮೀಟರ್, ಆಳ 60 ಅಡಿ ಎಂದರೆ 18.3 ಮೀಟರ್. ಹಳ್ಳ ತೃತೀಯ ದರ್ಜೆಯದಾದರೆ ಬಫರ್ 15 ಮೀಟರ್. ಅದರಲ್ಲಿ 12 ಮೀಟರ್ ಗಡಿಯ ಆಚೆಯೇ ಕಳೆದುಹೋಗುತ್ತದೆ, ನಿವೇಶನದೊಳಗೆ ಬರುವುದು ಹಿಂಬದಿಯ 3 ಮೀಟರ್ ಮಾತ್ರ. ಅಲ್ಲಿ ತುಳಸಿ, ದಾಸವಾಳ ಬೆಳೆಸಿಕೊಂಡು ಮುಂದೆ ನೆಮ್ಮದಿಯಾಗಿ ಮನೆ ಕಟ್ಟಬಹುದು. ದ್ವಿತೀಯ ದರ್ಜೆಯದಾದರೆ 25ರಲ್ಲಿ 12 ಕಳೆದು 13 ಮೀಟರ್ ಒಳಗೆ ಬರುತ್ತದೆ. ಉಳಿಯುವುದು 5.3 ಮೀಟರ್ ಆಳದ ಒಂದು ಪಟ್ಟಿ, ಸುಮಾರು 700 ಚದರಡಿ. ರಸ್ತೆಯ ಕಡೆಗೂ ಎರಡು ಪಕ್ಕಗಳಿಗೂ ನಿಯಮದಂತೆ ಖಾಲಿ ಬಿಟ್ಟ ಮೇಲೆ ಅಲ್ಲಿ ಎರಡು ಕೋಣೆಗಳೂ ನೆಟ್ಟಗೆ ಕೂಡುವುದಿಲ್ಲ. ಪ್ರಾಥಮಿಕ ದರ್ಜೆಯದಾದರೆ 50 ಮೀಟರ್. ಇಡೀ ನಿವೇಶನ ಬಫರಿನೊಳಗೆ ಮುಳುಗುತ್ತದೆ. ನೆಲ ಅದೇ, ಕ್ರಯಪತ್ರ ಅದೇ, ಬೆಲೆಯೂ ಅದೇ. ಹಳ್ಳದ ದರ್ಜೆಯೊಂದೇ ಅದನ್ನು ಮನೆಯೋ ಗೋಡೆಯೋ ಬಯಲೋ ಎಂದು ತೀರ್ಮಾನಿಸುತ್ತದೆ.

ದರ್ಜೆಯನ್ನು ಊಹಿಸಬಾರದು. ಈಗ ಎರಡಡಿ ಅಗಲದ ಚರಂಡಿಯಾಗಿ ಕಾಣುವುದು ದಾಖಲೆಯಲ್ಲಿ ದ್ವಿತೀಯ ಕಾಲುವೆಯಾಗಿರಬಹುದು; ಒತ್ತುವರಿ ಅದನ್ನು ಕಿರಿದಾಗಿಸಿರುತ್ತದೆ. ಆದುದರಿಂದ ಸರ್ವೆ ನಂಬರನ್ನೂ ಅಳತೆಯ ನಕ್ಷೆಯನ್ನೂ ಲಗತ್ತಿಸಿ, ಈ ನೆಲದ ವಲಯ ಯಾವುದು, ಪಕ್ಕದ ಕಾಲುವೆಯ ದರ್ಜೆ ಯಾವುದು, ಇಂದು ಅನ್ವಯಿಸುವ ಬಫರ್ ಎಷ್ಟು ಎಂದು ಯೋಜನಾ ಪ್ರಾಧಿಕಾರವನ್ನು ಬರಹದಲ್ಲಿ ಕೇಳುವಂತೆ ಹೇಳಿದೆ. ‘ಇಂದು’ ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಅಂತರಗಳನ್ನು ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್ ಎಂದು ಹಿಗ್ಗಿಸಿತ್ತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಭಾಗವನ್ನು ರದ್ದುಪಡಿಸಿತು. ಆ ಮೂರು ವರ್ಷಗಳಲ್ಲಿ ನಕ್ಷೆ ಮಂಜೂರಾತಿಗೆ ಹೋದವರ ಪಾಡು ಒಂದು, ಆಮೇಲೆ ಹೋದವರದು ಇನ್ನೊಂದು. ನಿಯಮ ಮತ್ತೆ ಬದಲಾಗಬಹುದು. ಕಟ್ಟುವ ಮುನ್ನ ಮತ್ತೊಮ್ಮೆ ಕೇಳಬೇಕು.

ಉತ್ತರ ಬರಲು ಐದು ವಾರ ಹಿಡಿಯಿತು. ಈ ಐದು ವಾರಗಳೇ ನಿಜವಾದ ಪರೀಕ್ಷೆ ಎನ್ನಬೇಕು. ಮಾರುವವರ ಕಡೆಯ ದಲ್ಲಾಳಿ ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದರು. ಅವರ ಮಾತುಗಳು ಮೂರೇ. ಬ್ಯಾಂಕು ಸಾಲ ಕೊಡಲು ಒಪ್ಪಿದೆ. ಅಕ್ಕಪಕ್ಕದವರು ಮೂರಂತಸ್ತು ಕಟ್ಟಿ ಕುಳಿತಿದ್ದಾರೆ. ಬೇರೆ ಗಿರಾಕಿ ಕಾದಿದ್ದಾರೆ. ಮೊದಲನೆಯದಕ್ಕೆ ಉತ್ತರ ಇಷ್ಟೆ: ಬ್ಯಾಂಕು ನೋಡುವುದು ತನ್ನ ಸಾಲಕ್ಕೆ ಆಧಾರವಾದ ಹಕ್ಕನ್ನು ಮತ್ತು ನಿಮ್ಮ ಸಂಬಳವನ್ನು. ನೆಲದ ಮೇಲೆ ಏನು ಕಟ್ಟಬಹುದೆಂಬ ಖಾತರಿಯನ್ನು ಅದು ಕೊಡುವುದಿಲ್ಲ. ಕಟ್ಟಲಾಗದೆ ಹೋದರೂ ಕಂತು ನಿಲ್ಲುವುದಿಲ್ಲ. ಎರಡನೆಯದಕ್ಕೆ ಬೆಂಗಳೂರಿನ ಚರಿತ್ರೆಯೇ ಉತ್ತರ. 2016ರ ಆಗಸ್ಟಿನಲ್ಲಿ ರಾಜಕಾಲುವೆಗಳ ಒತ್ತುವರಿ ತೆರವು ನಡೆದಾಗ ಮನೆ ಕಳೆದುಕೊಂಡವರಲ್ಲಿ ನೋಂದಣಿಯಾದ ಕ್ರಯಪತ್ರ, ಖಾತೆ, ಸಾಲದ ಕಂತು ಎಲ್ಲವೂ ಇದ್ದವರಿದ್ದರು. ಪಕ್ಕದವರ ಮನೆ ನಿಂತಿದೆ ಎಂಬುದು ಇಂದಿನವರೆಗೆ ಯಾರೂ ಬಂದಿಲ್ಲ ಎಂಬುದಕ್ಕಷ್ಟೇ ಸಾಕ್ಷಿ. ಮೂರನೆಯದಕ್ಕೆ ಉತ್ತರ ಕೊಡಬೇಕಾದ ಅಗತ್ಯವೇ ಇಲ್ಲ.

ಆ ಮನೆಯಲ್ಲಿ ಆಗ ನೆಮ್ಮದಿ ಇರಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ತಾಯಿಯವರು ಗೃಹಪ್ರವೇಶದ ತಿಂಗಳನ್ನೂ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದರು. ‘ನೀರೇ ಇಲ್ಲದ ಕಾಲುವೆಗೆ ಹೆದರಿ ಕೂತರೆ ಊರಲ್ಲಿ ಯಾರು ಮನೆ ಕಟ್ಟಿಯಾರು?’ ಎಂದು ಅವರು ಮಗನನ್ನು ಕೇಳಿದರಂತೆ. ಆ ಪ್ರಶ್ನೆ ಸಹಜವಾದದ್ದೇ. ಬೇಸಿಗೆಯಲ್ಲಿ ನೋಡಿದವರಿಗೆ ಅಲ್ಲಿ ನೀರಿರುವುದಿಲ್ಲ. ಆದರೆ ಮುಚ್ಚಿದ ಹಳ್ಳಕ್ಕೂ ಮಳೆ ಬಂದ ದಿನ ತನ್ನ ದಾರಿಯ ನೆನಪಿರುತ್ತದೆ. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವ ಭಾಗದ ಶ್ರೀಮಂತ ಬಡಾವಣೆಗಳ ಜನರು ಮನೆಯಿಂದ ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಬಂದುದನ್ನು ನಾವೆಲ್ಲ ಇಲ್ಲಿ ಕುಳಿತು ನೋಡಿದೆವು. ತಮ್ಮನವರನ್ನು ಮತ್ತೊಮ್ಮೆ ಜಾಗಕ್ಕೆ ಕಳುಹಿಸಿ, ಒಂದು ಜೋರು ಮಳೆಯ ಮರುದಿನ ನೋಡಿಬರಲು ಹೇಳಿದೆ. ಹಿಂಬದಿಯ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ ಕಂಡಿತೆಂದು ಅವರು ಚಿತ್ರ ಕಳುಹಿಸಿದರು. ತಾಯಿಯವರು ಆಮೇಲೆ ಆ ಮಾತೆತ್ತಲಿಲ್ಲ.

ಪ್ರಾಧಿಕಾರದ ಉತ್ತರದಲ್ಲಿ ‘ದ್ವಿತೀಯ’ ಎಂದಿತ್ತು.

ಕಾಲುವೆಯ ತೊಡಕಿಲ್ಲದ ನಿವೇಶನವಾಗಿದ್ದರೆ ಅಲ್ಲಿ ಎಷ್ಟು ಕಟ್ಟಬಹುದಿತ್ತು ಎಂದು ಅವರು ಕೇಳಿದರು. ಮುಂದಿನ ಹುಡುಕಾಟಕ್ಕೆ ಅದೂ ಬೇಕಾದ ಲೆಕ್ಕವೇ. ಮುಖ್ಯ ವಸತಿ ವಲಯದಲ್ಲಿ 360 ಚದರ ಮೀಟರ್‌ವರೆಗಿನ ನಿವೇಶನಕ್ಕೆ, ಮುಂದಿನ ರಸ್ತೆ 12 ಮೀಟರ್‌ವರೆಗೆ ಇರುವಾಗ, ಈ ಮಹಾಯೋಜನೆ ಕೊಡುವ ನೆಲವಿಸ್ತೀರ್ಣದ ಅನುಪಾತ 1.75. ಎಫ್.ಎ.ಆರ್. ಎಂದು ಎಲ್ಲರ ಬಾಯಲ್ಲಿರುವುದು ಇದೇ. 2400 ಚದರಡಿಯ ನಿವೇಶನದಲ್ಲಿ ಎಲ್ಲ ಅಂತಸ್ತುಗಳೂ ಸೇರಿ 4200 ಚದರಡಿ ಎಂದು ಅರ್ಥ. ನೆಲದ ಮೇಲೆ ಕಟ್ಟಡ ಆವರಿಸಬಹುದಾದದ್ದು ಹೆಚ್ಚೆಂದರೆ ಮುಕ್ಕಾಲು ಪಾಲು. ತಾಯಿಗೊಂದು, ತಮಗೊಂದು ಮನೆ ಅದರಲ್ಲಿ ಧಾರಾಳವಾಗಿ ಹಿಡಿಯುತ್ತದೆ. ‘ಬಾಡಿಗೆಗೆ ನಾಲ್ಕಂತಸ್ತು ಎತ್ತಬಹುದು’ ಎಂದು ಯಾರಾದರೂ ಹೇಳಿ ಬೆಲೆ ಏರಿಸಿದರೆ, ಈ ಗುಣಾಕಾರವನ್ನು ಮಾಡಿ ನೋಡಿದರೆ ಸಾಕು.

ಫ್ಲ್ಯಾಟು ಕೊಳ್ಳುವವರಿಗೆ ಇದೆಲ್ಲ ಬೇಕಿಲ್ಲವೆಂದು ತಿಳಿಯಬಾರದು. ಫ್ಲ್ಯಾಟಿನ ಜೊತೆ ನಾವು ಕೊಳ್ಳುವುದು ಆ ನೆಲದ ಅವಿಭಾಜ್ಯ ಪಾಲನ್ನು. ಸಂಕೀರ್ಣದ ಒಂದು ಮೂಲೆ ಬಫರಿನಲ್ಲಿದ್ದರೆ ತೊಂದರೆ ಎಲ್ಲರದೂ ಆಗುತ್ತದೆ. ಅಲ್ಲಿ ಹೆಚ್ಚಾಗಿ ಮಾಡಬೇಕಾದ ಕೆಲಸವೆಂದರೆ ಮಂಜೂರಾದ ನಕ್ಷೆಯನ್ನು ಎದುರಿಗಿಟ್ಟುಕೊಂಡು ಅಂತಸ್ತುಗಳನ್ನು ಎಣಿಸುವುದು. ರೇರಾ ನೋಂದಣಿಯಾದ ಯೋಜನೆಗಳ ನಕ್ಷೆಗಳನ್ನು ಅದರ ಜಾಲತಾಣದಲ್ಲಿಯೇ ನೋಡಬಹುದು. ನಕ್ಷೆಯಲ್ಲಿ ನಾಲ್ಕಿದ್ದು ನೆಲದ ಮೇಲೆ ಐದಿದ್ದರೆ, ಐದನೆಯ ಅಂತಸ್ತಿನ ಫ್ಲ್ಯಾಟು ಎಷ್ಟೇ ಅಗ್ಗವಾಗಿರಲಿ, ಅದು ನಿಯಮದ ಕಣ್ಣಿಗೆ ಇಲ್ಲದ ಮನೆ. ಕಟ್ಟಡ ಮಂಜೂರಾದಂತೆಯೇ ಮುಗಿದಿದೆ ಎಂಬುದಕ್ಕೆ ಕೊಡುವ ಸ್ವಾಧೀನಾನುಭವ ಪತ್ರ, ಎಂದರೆ ಓ.ಸಿ., ಇಲ್ಲದ ಫ್ಲ್ಯಾಟಿನಲ್ಲಿ ನೀರು, ವಿದ್ಯುತ್ ಸಂಪರ್ಕಗಳೇ ತಂಟೆಗೆ ಸಿಕ್ಕಿಕೊಳ್ಳಬಹುದು.

ನಮ್ಮ ಆ ಕುಟುಂಬದವರು ಮುಂಗಡ ಕೊಡಲಿಲ್ಲ. ಅಳತೆ, ಪ್ರತಿಗಳು, ಅರ್ಜಿ, ಓಡಾಟ ಎಲ್ಲ ಸೇರಿ ಅವರಿಗೆ ತಗುಲಿದ್ದು ಇಲ್ಲಿನ ಒಂದು ವಾರದ ಮನೆ ಖರ್ಚಿನಷ್ಟು. ಈಗ ಅವರು ನೋಡುತ್ತಿರುವುದು ಬೇರೊಂದು ನಿವೇಶನ. ಈ ಬಾರಿ ಕ್ರಯ ಕರಾರಿನ ಕರಡಿನಲ್ಲಿಯೇ ಒಂದು ಷರತ್ತು ಸೇರಿಸಿದ್ದಾರೆ. ವಲಯ ಮತ್ತು ಬಫರಿನ ಕುರಿತು ಪ್ರಾಧಿಕಾರದ ಲಿಖಿತ ಉತ್ತರ ಮನೆ ಕಟ್ಟಲು ಅಡ್ಡಿಯಾಗುವಂತಿದ್ದರೆ ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು ಎಂಬುದು ಅದರ ಸಾರ. ಈ ಷರತ್ತಿಗೆ ಮಾರುವವರು ತಕರಾರಿಲ್ಲದೆ ಒಪ್ಪಿದರು. ಒಪ್ಪದೆ ಹೋಗಿದ್ದರೆ ಅದೂ ಒಂದು ಉತ್ತರವೇ ಆಗುತ್ತಿತ್ತು.

ಕಾಲುವೆಯ ಪಕ್ಕದ ಆ ನಿವೇಶನ ಎರಡು ತಿಂಗಳ ಮೇಲೆ ಮಾರಾಟವಾಯಿತೆಂದು ಕೇಳಿದೆ. ಕೊಂಡವರು ಯಾರೋ ತಿಳಿಯದು. ಅವರ ಕೈಯಲ್ಲಿಯೂ ಒಂದು ಶುದ್ಧವಾದ ಕ್ರಯಪತ್ರವಿರುತ್ತದೆ.